ಉಪರಿಲೇಖ ಮೀಮಾಂಸೆ ಅಥವಾ ಮುಂದೂಡಿದ ಮಿಂಚಂಚೆಯ ನೆತ್ತಿ

ಅಧ್ಯಾಯ 1: ಅಧ್ಯಯನದ ವ್ಯಾಪ್ತಿ ಮತ್ತು ಮಿತಿ

ತನಗೆ ಬಂದ ಮಿಂಚಂಚೆಯನ್ನು ಇನ್ನೊಬ್ಬರ ತಲೆಗೆ ದಾಟಿಸುವ ಕ್ರಿಯೆಯನ್ನು ಪ್ರಸ್ತುತ ಅಧ್ಯಯನವು ‘ಅಗ್ರಪ್ರೇಷಣೆ’ ಎಂದು ನಿರ್ವಚಿಸುತ್ತದೆ. ಹಾಗೆ ದಾಟಿಸುವಾಗ ಮೂಲಪಠ್ಯದ ನೆತ್ತಿಯ ಮೇಲೆ ದಾಟಿಸುವವರು ಬರೆಯಬೇಕಾದ, ಸಾಮಾನ್ಯವಾಗಿ ಬರೆಯದೇ ಬಿಡುವ ನಾಲ್ಕು ಸಾಲುಗಳೇ ‘ಉಪರಿಲೇಖ’. ಬರೆಯದೇ ಬಿಟ್ಟಾಗ ಅಲ್ಲಿ ಉಳಿಯುವ ಬಿಳಿ ಜಾಗಕ್ಕೆ ‘ಉಪರಿಲೇಖಾಭಾವ’ ಎಂದು ಹೆಸರು. ಈ ಅಭಾವವೂ ಒಂದು ಪಠ್ಯವೇ, ಅದೂ ಒಂದು ಸಂಕಥನವೇ, ಅದರೊಳಗೂ ಅಧಿಕಾರ ಸಂಬಂಧಗಳು ಮಡುಗಟ್ಟಿವೆ ಎಂಬುದು ಈ ಸಂಶೋಧಕನ ಆಧಾರ ಕಲ್ಪನೆ. ಹಿಂದಿನ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ವಿಚಾರಸಂಕಿರಣಗಳಲ್ಲಿ ಇಂಥ ವಾಕ್ಯಗಳನ್ನು ಇಪ್ಪತ್ತೆರಡು ವರ್ಷ ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದೇನೆ, ನನಗೂ ಆಗಿಲ್ಲ.

ಮಿತಿಯ ವಿಷಯ. ವಾಟ್ಸ್ಆ್ಯಪ್‌ನಲ್ಲಿ ಬರುವ ಶುಭೋದಯದ ಗುಲಾಬಿಗಳು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಂದ ಯಾರೂ ಯಾವ ಕೆಲಸವನ್ನೂ ನಿರೀಕ್ಷಿಸುವುದಿಲ್ಲ. ಆ ಮಟ್ಟಿಗೆ ಅವು ಪ್ರಾಮಾಣಿಕ.

ಅಧ್ಯಾಯ 2: ಚಾರಿತ್ರಿಕ ಪರಿಪ್ರೇಕ್ಷ್ಯ

ಬಂದ ಸಂದೇಶಕ್ಕೆ ಒಂದು ಆಜ್ಞೆಯಲ್ಲೇ ಉತ್ತರಿಸುವ, ಅದನ್ನು ಮುಂದಕ್ಕೆ ಕಳಿಸುವ ಅನುಕೂಲವಿದ್ದ ಮೊದಮೊದಲ ಮಿಂಚಂಚೆ ತಂತ್ರಾಂಶ ಎಂಎಸ್‌ಜಿ. ಅದನ್ನು 1975ರಲ್ಲಿ ಅಮೆರಿಕದಲ್ಲಿ ಬರೆದವರ ಹೆಸರು ಜಾನ್ ವಿಟ್ಟಲ್. ಹೆಸರು ಓದಿದ ಕೂಡಲೇ ಕನ್ನಡ ಸಂಶೋಧಕನ ಕೈ ತುರಿಸುವುದು ಸಹಜ. ಪಂಢರಪುರದಲ್ಲೂ ಒಬ್ಬ ವಿಠಲ ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ. ಕೈಯಲ್ಲಿದ್ದ ಪತ್ರವನ್ನು ಮುಂದಿನವರಿಗೆ ದಾಟಿಸಿ, ಸೊಂಟದ ಮೇಲೆ ಕೈಯಿಟ್ಟು, ಇನ್ನು ನನ್ನದೇನಿಲ್ಲ ಎಂದು ನಿಲ್ಲುವ ನಮ್ಮ ಕಚೇರಿಯ ಭಂಗಿಗೂ ಇದಕ್ಕೂ ನಂಟಿದೆ ಎಂದು ಇನ್ನೂರು ಪುಟ ಬರೆಯಬಹುದು. ಬರೆಯುವುದಿಲ್ಲ. ಅಮೆರಿಕದ ಆ ಪುಣ್ಯಾತ್ಮ ಆಜ್ಞೆ ಮಾಡಿಕೊಟ್ಟ. ಅದನ್ನು ಕೊಡುವ ಮುನ್ನ ಯೋಚಿಸಬೇಡಿ ಎಂದೇನೂ ಹೇಳಲಿಲ್ಲ.

ಅದಕ್ಕೂ ಹಿಂದೆ ಟಪಾಲಿತ್ತು. ಬೆಳಿಗ್ಗೆ ಬಂದ ಕಾಗದಗಳು ಆವಕ ವಹಿಯಲ್ಲಿ ನಂಬರು ಹತ್ತಿಸಿಕೊಂಡು ಸಾಹೇಬರ ಮೇಜಿಗೆ ಹೋಗುತ್ತಿದ್ದವು. ಸಾಹೇಬರು ಪ್ರತಿಯೊಂದರ ಅಂಚಿನಲ್ಲಿ ಯಾವ ಶಾಖೆಗೆ ಎಂದು ಗುರುತು ಹಾಕಿ, ಕೆಳಗೆ ಚಿಕ್ಕ ಸಹಿ, ತಾರೀಖು ಬರೆಯುತ್ತಿದ್ದರು. ಜೊತೆಗೆ ಒಂದು ಪದ ಇರುತ್ತಿತ್ತು. ‘ಮಂಡಿಸಿ’ ಎಂದಿದ್ದರೆ ಹಿಂದಿನ ಕಡತ ಹುಡುಕಿ, ಟಿಪ್ಪಣಿ ಬರೆದು, ತೀರ್ಮಾನಕ್ಕೆ ತನ್ನಿ ಎಂದರ್ಥ. ‘ಚರ್ಚಿಸಿ’ ಎಂದಿದ್ದರೆ ಕಾಗದ ಹಿಡಿದುಕೊಂಡು ಬಂದು ಎದುರು ನಿಲ್ಲಿ ಎಂದರ್ಥ. ಒಂದೇ ಪದವಾದರೂ ಅದಕ್ಕೊಂದು ಕೆಲಸವಿತ್ತು, ಕೆಲಸಕ್ಕೊಬ್ಬ ಮನುಷ್ಯನಿದ್ದ, ಅವನು ಯಾವತ್ತಿನಿಂದ ತಡ ಮಾಡಿದ ಎಂದು ಹೇಳಲು ತಾರೀಖಿತ್ತು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದೇ ಕಡತಗಳ ಮೇಲೆ ಜನರ ಪಿಂಚಣಿಗಳು ವರ್ಷಗಟ್ಟಲೆ ಧೂಳು ತಿಂದವು. ಆದರೆ ಧೂಳು ಯಾರ ಮೇಜಿನದು ಎಂಬುದಾದರೂ ಗೊತ್ತಾಗುತ್ತಿತ್ತು.

ಅಧ್ಯಾಯ 3: ವರ್ಗೀಕರಣ

ಉಪರಿಲೇಖದ ದೃಷ್ಟಿಯಿಂದ ಅಗ್ರಪ್ರೇಷಕರಲ್ಲಿ ಹದಿನೆಂಟು ಬಗೆ.

ಒಂದು, ಮೌನಿ. ಇವರು ಏನನ್ನೂ ಬರೆಯುವುದಿಲ್ಲ. ಇವರ ಅಂಚೆ ತೆರೆದರೆ ಮೊದಲು ಕಾಣುವುದು `---------- Forwarded message ---------` ಎಂಬ ಗೆರೆ. ಫೋನಿನ ಪರದೆಯ ಮೇಲೆ ಹಣಕುವ ಸೂಚನೆಯಲ್ಲೂ ಅದೇ ಗೆರೆ. ಗೆರೆ ಕಂಡವನು ಆಮೇಲೆ ನೋಡಿದರಾಯಿತು ಎಂದು ಫೋನನ್ನು ಜೇಬಿಗಿಳಿಸುತ್ತಾನೆ. ಅವನ ತಪ್ಪಿಲ್ಲ.

ಎರಡು, ಮಾಹಿತಿವಾದಿ. ಇವರು `FYI` ಎಂಬ ಬೀಜಾಕ್ಷರವನ್ನು ಉಚ್ಚರಿಸುತ್ತಾರೆ. ನಿಮ್ಮ ಮಾಹಿತಿಗಾಗಿ, ಅಂದರೆ ತಿಳಿದುಕೊಂಡರೆ ಸಾಕು, ಮಾಡಬೇಕಾದ್ದೇನಿಲ್ಲ. ಆ ಮಂತ್ರಕ್ಕೆ ಇರುವುದು ಅದೊಂದೇ ಅರ್ಥ. ಆದರೆ ಕಚೇರಿಯಲ್ಲಿ ಇದನ್ನು ‘ಇದನ್ನು ನೀನು ಮಾಡಬೇಕು, ಹಾಗೆಂದು ಹೇಳಿದವನು ನಾನಾಗಬಾರದು’ ಎಂಬರ್ಥದಲ್ಲೂ ಬಳಸುತ್ತಾರೆ. ಎರಡಕ್ಕೂ ಅಕ್ಷರ ಮೂರೇ ಆದ್ದರಿಂದ ಯಾವುದು ಯಾವಾಗ ಎಂದು ಓದುವವನು ಕಳಿಸಿದವರ ಮುಖ ನೆನೆಸಿಕೊಂಡು ಊಹಿಸಬೇಕು.

ಮೂರು, ಅಗತ್ಯಕ್ರಮವಾದಿ. `FYNA`, ‘ಡು ದ ನೀಡ್‌ಫುಲ್’, ‘ಸೂಕ್ತ ಕ್ರಮಕ್ಕಾಗಿ’ ಎಂದೆಲ್ಲ ಬರೆಯುವವರು. ಅಗತ್ಯವಾದದ್ದನ್ನು ಮಾಡಿ ಎನ್ನುತ್ತಾರೆ. ಅಗತ್ಯವಾದದ್ದು ಯಾವುದು ಎಂದು ಇವರಿಗೇ ಗೊತ್ತಿರುವುದಿಲ್ಲ, ಏಕೆಂದರೆ ಕೆಳಗಿನ ಪತ್ರವನ್ನು ಇವರು ಓದಿಯೇ ಇಲ್ಲ. ಓದಿದ್ದರೆ ಅದರ ಹೆಸರನ್ನೇ ಬರೆಯುತ್ತಿದ್ದರು.

ನಾಲ್ಕು, ಚರ್ಚಾವಾದಿ. ಯಾರೊಡನೆಯೂ ಏನನ್ನೂ ಮಾತಾಡದೆ ‘ಆ್ಯಸ್ ಡಿಸ್ಕಸ್ಡ್’ ಎಂದು ಬರೆಯುವವರು.

ಐದನೆಯ ಬಗೆ… ಇಲ್ಲ. ಉಳಿದ ಹದಿನಾಲ್ಕನ್ನೂ ಬರೆಯಬಲ್ಲೆ, ಅವುಗಳಿಗೆ ಸಂಸ್ಕೃತದ ಹೆಸರೂ ಸಿದ್ಧವಿದೆ. ಆದರೆ ಈ ನಾಲ್ವರಲ್ಲಿ ಮೌನಿಯೊಬ್ಬರ ಹೊರತು ಉಳಿದವರೆಲ್ಲ ಒಂದೇ ವಾರದಲ್ಲಿ, ಒಂದೇ ಪತ್ರದ ಮೇಲೆ ಒಬ್ಬರ ಹಿಂದೊಬ್ಬರು ಕುಳಿತದ್ದನ್ನು ನಾನು ಕಂಡಿದ್ದೇನೆ. ಅದನ್ನು ಹೇಳಿಬಿಡುವುದು ಮೇಲು.

ಅಧ್ಯಾಯ 4: ಕ್ಷೇತ್ರಕಾರ್ಯ

ಕ್ಷೇತ್ರ, ನಾನು ಕನ್ನಡ ಪಾಠ ಮಾಡುವ ಕಾಲೇಜು. ಮೂಲಪಠ್ಯ, ಒಂದು ವಿದ್ಯಾರ್ಥಿವೇತನದ ಪತ್ರ. ನಮ್ಮ ಹನ್ನೊಂದು ವಿದ್ಯಾರ್ಥಿಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ಜಮೆಯಾಗಿಲ್ಲ, ಅವರನ್ನು ಬ್ಯಾಂಕಿಗೆ ಕಳಿಸಿ ಜೋಡಣೆ ಮಾಡಿಸಿ, ಆದವರ ಪಟ್ಟಿಯನ್ನು 14ನೇ ತಾರೀಖು ಶುಕ್ರವಾರ ಸಂಜೆ 5ರೊಳಗೆ ತಿಳಿಸಿ ಎಂಬುದು ಅದರ ಸಾರ. ಈ ಸಾರ ಇದ್ದದ್ದು ಎರಡನೆಯ ಪ್ಯಾರಾದಲ್ಲಿ. ಮೊದಲ ಪ್ಯಾರಾ ತುಂಬ ಉಲ್ಲೇಖಗಳು. ಜೊತೆಗೊಂದು ಎಕ್ಸೆಲ್ ಪಟ್ಟಿ.

ಪತ್ರ ಆಡಳಿತ ಮಂಡಳಿಯ ಕಚೇರಿಗೆ ಬಂದದ್ದು 11ನೇ ತಾರೀಖು ಮಂಗಳವಾರ ಬೆಳಿಗ್ಗೆ 10:42ಕ್ಕೆ. ಅವರು ಮಧ್ಯಾಹ್ನ `FYI` ಎಂದು ಪ್ರಾಂಶುಪಾಲರಿಗೆ ಕಳಿಸಿದರು. ಪ್ರಾಂಶುಪಾಲರು ಬುಧವಾರ ಬೆಳಿಗ್ಗೆ ಫೋನಿನಿಂದಲೇ `Pls see` ಎಂದು ಅಧೀಕ್ಷಕರಿಗೆ ದಾಟಿಸಿದರು. ಅಧೀಕ್ಷಕರು ಮಧ್ಯಾಹ್ನ `FYNA` ಎಂದು ವಿದ್ಯಾರ್ಥಿವೇತನದ ಗುಮಾಸ್ತರಿಗೆ ಕಳಿಸಿದರು. ಕಳಿಸುವಾಗ ಒತ್ತಿದ್ದು ಫಾರ್ವರ್ಡ್ ಗುಂಡಿಯನ್ನಲ್ಲ, ರಿಪ್ಲೈ ಗುಂಡಿಯನ್ನು. ಒತ್ತಿ, ಗುಮಾಸ್ತರ ವಿಳಾಸವನ್ನು ಸೇರಿಸಿದರು. ಫಾರ್ವರ್ಡ್ ಮಾಡಿದರೆ ಲಗತ್ತುಗಳು ಜೊತೆಗೆ ಹೋಗುತ್ತವೆ, ರಿಪ್ಲೈ ಮಾಡಿದರೆ ಉದುರಿಹೋಗುತ್ತವೆ. ಕಳಿಸಿದವರ ಬಳಿಯೇ ಅವು ಇವೆಯಲ್ಲ ಎಂಬುದು ತಂತ್ರಾಂಶದ ತರ್ಕ. ಹೀಗೆ ಹನ್ನೊಂದು ಹೆಸರುಗಳ ಪಟ್ಟಿ ಬುಧವಾರ ಮಧ್ಯಾಹ್ನ ಸದ್ದಿಲ್ಲದೆ ಕಳಚಿಕೊಂಡಿತು. ಗುಮಾಸ್ತರು ಗುರುವಾರ ಸಂಜೆ 4:40ಕ್ಕೆ, ಪಟ್ಟಿ ಇದೆಯೇ ಎಂದು ನೋಡದೆ, `Do the needful` ಎಂದು ಎಲ್ಲ ವಿಭಾಗದ ಮುಖ್ಯಸ್ಥರಿಗೂ ಒಟ್ಟಿಗೆ ಹಂಚಿದರು. ನಮ್ಮ ಮುಖ್ಯಸ್ಥರು ಶುಕ್ರವಾರ 1:20ಕ್ಕೆ `As discussed` ಎಂದು ನಮಗೆಲ್ಲ ಹಾಕಿದರು.

ನಾನು ಎರಡು ಪಾಠ ಮುಗಿಸಿ ನೋಡಿದಾಗ 2:40. ವಿಷಯದ ಸಾಲಿನಲ್ಲಿ ಇದ್ದದ್ದು ಇಷ್ಟು:

```
FW: Fwd: RE: Fwd: Reg. list
```

ಪಟ್ಟಿಗೆ ಸಂಬಂಧಿಸಿದಂತೆ. ಯಾವ ಪಟ್ಟಿ, ಯಾರ ಪಟ್ಟಿ, ಕ್ರಿಕೆಟ್ ತಂಡದ್ದೋ ಚುನಾವಣೆ ಕೆಲಸದ್ದೋ? ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದೆ. ಐದು ಪದರ, ಐದು ಸಹಿ, ಅವುಗಳ ಕೆಳಗೆ ಐದು ದೂರವಾಣಿ ಸಂಖ್ಯೆ, ಒಂದು ಕಡೆ ಮರಗಳನ್ನು ಉಳಿಸಿ ಎಂಬ ಹಸಿರು ವಿನಂತಿ. ತಳ ಮುಟ್ಟಿದಾಗ ಗಡುವಿಗೆ ಉಳಿದದ್ದು ಎರಡು ಗಂಟೆ ಇಪ್ಪತ್ತು ನಿಮಿಷವೂ ಇಲ್ಲ. ಹೆಸರುಗಳೂ ಇಲ್ಲ. ಮೇಲಿನ ಕಚೇರಿಗೆ ಫೋನು ಮಾಡಿ, ಕಾಡಿ, ಪಟ್ಟಿ ಮತ್ತೆ ತರಿಸಿಕೊಂಡಾಗ ಬ್ಯಾಂಕಿನ ಕೌಂಟರ್ ಮುಚ್ಚಿತ್ತು. ನಮ್ಮ ವಿಭಾಗದವರು ಮೂವರಿದ್ದರು. ಇಬ್ಬರು ತಾವೇ ಅನುಮಾನಪಟ್ಟು ಮೊದಲೇ ಬ್ಯಾಂಕಿಗೆ ಹೋಗಿ ಬಂದಿದ್ದರು. ಮೂರನೆಯವಳು ಬಿ.ಎ. ಎರಡನೆಯ ವರ್ಷದ ಹುಡುಗಿ. ಪಟ್ಟಿಯಲ್ಲಿ ಒಂಬತ್ತನೆಯ ಸಾಲು. ಅವಳ ಆ ಕಂತು ಬರಲಿಲ್ಲ. ಹಾಸ್ಟೆಲಿನ ಊಟದ ಲೆಕ್ಕ ಕಟ್ಟಲು ಅವಳು ಕಾದಿದ್ದದ್ದು ಅದಕ್ಕೇ.

ನಾಲ್ಕು ದಿನ. ಐದು ಜನ, ಎಲ್ಲರೂ ಓದಿದವರು, ಎಲ್ಲರಿಗೂ ತಿಂಗಳ ಮೊದಲ ವಾರ ಸಂಬಳ ಖಾತೆಗೆ ಬೀಳುವವರು. ಐವರೂ ಸೇರಿ ಆ ಹುಡುಗಿಗಾಗಿ ಬರೆದದ್ದು ಒಟ್ಟು ಒಂಬತ್ತು ಪದ. ಬೀಜಾಕ್ಷರಗಳನ್ನೂ ಪದವೆಂದೇ ಎಣಿಸಿ ಹೇಳುತ್ತಿದ್ದೇನೆ. ಪತ್ರದಲ್ಲಿ ಏನಿದೆ ಎಂದು ಹೇಳುವ ಪದ ಆ ಒಂಬತ್ತರಲ್ಲಿ ಒಂದೂ ಇಲ್ಲ.

ಇಲ್ಲಿ ಅಧ್ಯಾಯ 5 ಎಂದು ಬರೆದು ‘ಸೈದ್ಧಾಂತಿಕ ಚೌಕಟ್ಟು’ ಎಂದು ಶೀರ್ಷಿಕೆ ಕೊಡುವವನಿದ್ದೆ. ಮನಸ್ಸು ಬರುತ್ತಿಲ್ಲ. ಆದರೂ ಚೌಕಟ್ಟೊಂದಿದೆ, ಅದು ನನ್ನದಲ್ಲ, ಹಳಬರದು. ಶಾಸ್ತ್ರಗ್ರಂಥ ಬರೆಯುವವನು ಶುರುವಿನಲ್ಲೇ ನಾಲ್ಕು ಮಾತು ಹೇಳಲೇಬೇಕು ಎಂಬ ಪದ್ಧತಿ ನಮ್ಮ ಪಂಡಿತರಲ್ಲಿತ್ತು. ವಿಷಯ ಏನು, ಓದಿದರೆ ಪ್ರಯೋಜನ ಏನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧ ಏನು, ಇದನ್ನು ಓದಬೇಕಾದ ಅಧಿಕಾರಿ ಯಾರು. ಇದಕ್ಕೆ ಅನುಬಂಧ ಚತುಷ್ಟಯ ಎಂದು ಹೆಸರು. ಬ್ರಹ್ಮನನ್ನು ಕುರಿತು ಬರೆಯುವವನಿಗೇ ಈ ಕಟ್ಟಳೆಯಿತ್ತು. ಬಸ್ ಪಾಸಿನ ಸುತ್ತೋಲೆ ಕಳಿಸುವವನಿಗೆ ಇಲ್ಲ.

ಅಗ್ರಪ್ರೇಷಿತ ಅಂಚೆಯ ನೆತ್ತಿಯ ಮೇಲೆ ಬೇಕಾದದ್ದು ಈ ನಾಲ್ಕೇ. ವಿಷಯ, ಅಂದರೆ ಕೆಳಗಿನ ಉದ್ದದ ಪತ್ರದ ಸಾರ ಒಂದು ವಾಕ್ಯದಲ್ಲಿ. ಸಂಬಂಧ, ಅಂದರೆ ಅದು ನನ್ನ ಬಳಿಗೆ ಬರಲು ಕಾರಣವೇನು, ಅದರಲ್ಲಿ ನನ್ನ ಪಾಲೆಷ್ಟು. ಪ್ರಯೋಜನ, ಅಂದರೆ ನಾನು ಮಾಡಬೇಕಾದ ಕೆಲಸ ಯಾವುದು. ಅಧಿಕಾರಿ, ಅಂದರೆ ಮಾಡಬೇಕಾದವನು ಯಾರು. ಇಲ್ಲಿ ಅಧಿಕಾರಿ ಎಂದರೆ ಸಾಹೇಬರಲ್ಲ, ಓದಲು ತಕ್ಕವನು. ಆ ಪದ ನಮ್ಮ ಕಚೇರಿಗಳಲ್ಲಿ ಓದದವನಿಗೆ ಬಿರುದಾದದ್ದು ಹೇಗೆ ಎಂಬುದು ಬೇರೆಯೇ ಸಂಶೋಧನೆ. ಅನುಬಂಧ ಎಂದರೆ ಕಚೇರಿ ಕನ್ನಡದಲ್ಲಿ ಲಗತ್ತು ಎಂದೂ ಅರ್ಥ. ನಮ್ಮ ಅಧೀಕ್ಷಕರು ಬುಧವಾರ ಎರಡು ಅನುಬಂಧವನ್ನೂ ಒಂದೇ ಏಟಿಗೆ ಕಳೆದರು.

ಹಳಬರ ಪಟ್ಟಿಗೆ ನಾನು ಸೇರಿಸುವುದು ಐದನೆಯ ಒಂದನ್ನು, ಗಡುವು. ಮೋಕ್ಷಕ್ಕೆ ಕೊನೆಯ ದಿನಾಂಕ ಇರಲಿಲ್ಲವಾದ್ದರಿಂದ ಅವರಿಗೆ ಅದು ಹೊಳೆಯಲಿಲ್ಲ. ಗಡುವೆಂದರೆ ತಾರೀಖು, ವಾರ, ಗಂಟೆ. ‘ಆದಷ್ಟು ಬೇಗ’ ಎಂಬುದು ಗಡುವಲ್ಲ, ಹಾರೈಕೆ.

ಅಧೀಕ್ಷಕರು ಬುಧವಾರ ಮಧ್ಯಾಹ್ನ ನಮ್ಮ ಮುಖ್ಯಸ್ಥರಿಗೆ ನೇರವಾಗಿ ಬರೆಯಬಹುದಿದ್ದ ಉಪರಿಲೇಖವನ್ನು ಆ ವಾರವೇ ಒಂದು ಹಾಳೆಯ ಮೇಲೆ ಬರೆದು ನೋಡಿದೆ. ವಿಷಯದ ಸಾಲು: ‘ವಿದ್ಯಾರ್ಥಿವೇತನ: ಕನ್ನಡ ವಿಭಾಗದ 3 ವಿದ್ಯಾರ್ಥಿಗಳು, ಶುಕ್ರವಾರ 14, ಮಧ್ಯಾಹ್ನ 2ರೊಳಗೆ’. ಒಳಗೆ ಹೀಗೆ:

‘ಮೇಡಂ, ಆಧಾರ್ ಜೋಡಣೆಯಾಗದೆ ವಿದ್ಯಾರ್ಥಿವೇತನ ನಿಂತಿರುವ ನಮ್ಮ 11 ಮಕ್ಕಳ ಪಟ್ಟಿ ಬಂದಿದೆ, ಲಗತ್ತಿಸಿದ್ದೇನೆ. ನಿಮ್ಮ ವಿಭಾಗದವರು ಸಾಲು 2, 6, 9. ದಯವಿಟ್ಟು ಈ ಮೂವರನ್ನು ನಾಳೆ ಬೆಳಿಗ್ಗೆಯೇ ಬ್ಯಾಂಕಿಗೆ ಕಳಿಸಿ. ಯಾರದ್ದು ಆಯಿತು, ಯಾರದ್ದು ಆಗಲಿಲ್ಲ ಎಂದು ಶುಕ್ರವಾರ ಮಧ್ಯಾಹ್ನ 2ರೊಳಗೆ ನನಗೆ ತಿಳಿಸಿ. 5ಕ್ಕೆ ಎಲ್ಲ ವಿಭಾಗದ್ದೂ ಸೇರಿಸಿ ನಾನು ಕಳಿಸುತ್ತೇನೆ. ಕೆಳಗಿನ ಪತ್ರದಲ್ಲಿ ಎರಡನೆಯ ಪ್ಯಾರಾ ಓದಿದರೆ ಸಾಕು. ಉಳಿದ ವಿಭಾಗಗಳಿಗೆ ಬೇರೆಯಾಗಿ ಬರೆದಿದ್ದೇನೆ.’

ಇದನ್ನು ಟೈಪಿಸಲು ನನಗೆ ಹಿಡಿದದ್ದು ಐದು ನಿಮಿಷ. ಇದರಲ್ಲಿ ಗಮನಿಸಬೇಕಾದದ್ದು, ಮುಖ್ಯಸ್ಥರಿಗೆ ಕೊಟ್ಟ ಗಡುವು ಮೂಲಪತ್ರದ ಗಡುವಲ್ಲ, ಅದಕ್ಕಿಂತ ಮೂರು ಗಂಟೆ ಹಿಂದಿನದು. ಒಟ್ಟುಗೂಡಿಸುವ ಕೆಲಸಕ್ಕೆ ಹೊತ್ತು ಬೇಕಲ್ಲ. ಬಂದ ಗಡುವನ್ನೇ ಎಲ್ಲರೂ ಹಾಗೇ ದಾಟಿಸಿದರೆ ಕೊನೆಯವನು ಐದಕ್ಕೆ ಐದು ನಿಮಿಷವಿರುವಾಗ ಕೊಡುತ್ತಾನೆ, ನಡುವಿನವನು ಆರಕ್ಕೆ ಕಳಿಸುತ್ತಾನೆ. ಇನ್ನೊಂದು, ‘ಉಳಿದ ವಿಭಾಗಗಳಿಗೆ ಬೇರೆಯಾಗಿ’ ಎಂಬ ಮಾತು. ಒಂದೇ ಅಂಚೆಯನ್ನು ಒಂಬತ್ತು ಜನಕ್ಕೆ ಕಳಿಸಿ ‘ಮಾಡಿ’ ಎಂದರೆ ಒಬ್ಬೊಬ್ಬರೂ ಉಳಿದ ಎಂಟು ಜನರನ್ನು ನೋಡಿಕೊಂಡು ಸುಮ್ಮನಾಗುತ್ತಾರೆ. ಮಾಡಬೇಕಾದವರ ಹೆಸರು `To` ಸಾಲಿನಲ್ಲಿ, ಸುಮ್ಮನೆ ತಿಳಿದಿರಬೇಕಾದವರದ್ದು `Cc` ಸಾಲಿನಲ್ಲಿ. ಆ ಎರಡು ಸಾಲು ಇರುವುದೇ ಅದಕ್ಕೆ.

ಪೂರ್ವಪಕ್ಷ ಒಂದು ಬರುತ್ತದೆ, ಬಂದೂ ಬಂತು. ಸ್ಟಾಫ್ ರೂಮಿನಲ್ಲಿ ಈ ಹಾಳೆ ತೋರಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಅಲ್ರೀ, ದಿನಕ್ಕೆ ಎಂಬತ್ತು ಮೇಲ್ ಬರ್ತವೆ, ಒಂದೊಂದಕ್ಕೂ ಪ್ರಬಂಧ ಬರೀತಾ ಕೂತ್ರೆ ಪಾಠ ಯಾವಾಗ ಮಾಡೋದು?” ಎಂದರು. ಅವರು ಪಾಠ ಮಾಡಿದ್ದನ್ನು ನೋಡಿದವರು ಕಡಿಮೆ, ಆದರೂ ಪ್ರಶ್ನೆ ಸರಿಯೇ. ಸಿದ್ಧಾಂತ ಇದು. ಎಂಬತ್ತನ್ನೂ ದಾಟಿಸಬೇಕಿಲ್ಲ. ಉಪರಿಲೇಖ ಬರೆಯಲು ಕೂತವನಿಗೆ ಅರ್ಧಕ್ಕರ್ಧ ಅಂಚೆ ಯಾರಿಗೂ ಕಳಿಸಬೇಕಾದ್ದೇ ಅಲ್ಲ ಎಂದು ಗೊತ್ತಾಗಿಬಿಡುತ್ತದೆ. ಇನ್ನು ಕೆಲವನ್ನು ತಾನೇ ಮಾಡಿ ಮುಗಿಸಬಹುದೆಂದೂ ಕಾಣುತ್ತದೆ. ಬರೆಯದಿರಲು ನಿಜವಾದ ಕಾರಣ ಸಮಯವಲ್ಲ, ಭಯ. ‘ಈ ಕೆಲಸ, ಇವರು, ಇಷ್ಟರೊಳಗೆ’ ಎಂದು ಬರೆದವನು ಪತ್ರವನ್ನು ಓದಿದ್ದಾನೆ ಎಂದು ಒಪ್ಪಿಕೊಂಡ ಹಾಗಾಯಿತು. ಓದಿದವನನ್ನು ನಾಳೆ ಕೇಳಬಹುದು. `FYI` ಎಂದವನನ್ನು ಏನೆಂದು ಕೇಳುವುದು? ‘ನಾನು ಅವತ್ತೇ ಫಾರ್ವರ್ಡ್ ಮಾಡಿದ್ದೆ’ ಎಂದು ದಿನಾಂಕ, ವೇಳೆ ಸಮೇತ ತೋರಿಸುತ್ತಾನೆ. ಕನ್ನಡದಲ್ಲಿ ‘ಮುಂದೂಡು’ ಎಂದರೆ ಮುಂದಕ್ಕೆ ತಳ್ಳುವುದೂ ಹೌದು, ಆಮೇಲಕ್ಕೆ ಹಾಕುವುದೂ ಹೌದು. ಫಾರ್ವರ್ಡ್ ಪದಕ್ಕೆ ಇದಕ್ಕಿಂತ ಒಳ್ಳೆಯ ಅನುವಾದ ಯಾವ ನಿಘಂಟು ಸಮಿತಿಗೂ ಸಿಕ್ಕುವುದಿಲ್ಲ.

ತಮಾಷೆಯೆಂದರೆ ಮಿಂಚಂಚೆಯ ಶಾಸ್ತ್ರವೇ ಈ ಜಾರಿಕೆಯನ್ನು ಒಪ್ಪುವುದಿಲ್ಲ. ಅಂಚೆಯ ರೂಪ ಹೇಗಿರಬೇಕೆಂದು ವಿಧಿಸುವ `RFC 5322` ಎಂಬ ದಾಖಲೆ 2008ರದ್ದು. ಓದುಗನೊಬ್ಬ ಬಂದ ಸಂದೇಶವನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದರೆ ಅದು ಮೂಲ ಬರೆದವರಿಂದ ಬಂದದ್ದಲ್ಲ, ಫಾರ್ವರ್ಡ್ ಮಾಡಿದವನದೇ ಸಂಪೂರ್ಣ ಹೊಸ ಸಂದೇಶ ಎಂಬುದು ಅದರ ಮತ. ಮೂಲಪತ್ರ ಅದರೊಳಗಿನ ಉದ್ಧರಣೆ ಮಾತ್ರ. ಆ ಲೆಕ್ಕದಲ್ಲಿ ನಮ್ಮ ಪ್ರಾಂಶುಪಾಲರು ಬುಧವಾರ ಬೆಳಿಗ್ಗೆ ಎರಡು ಪದದ ಒಂದು ಕೃತಿ ರಚಿಸಿದರು, ಅದಕ್ಕೆ ಒಂದೂವರೆ ಪುಟದ ಉದ್ಧರಣೆ ಕೊಟ್ಟರು. ಕೃತಿಕಾರರು ಅವರೇ. ಉತ್ತರವನ್ನೂ ಅವರೇ ಹೇಳಬೇಕು.

ಕೆಳಗಿನ ಪದರಗಳನ್ನು ಕತ್ತರಿಸದೆ ಬಿಡುವುದರ ಬಗ್ಗೆಯೂ ಒಂದು ಮಾತು. ಅತಿಥಿ ಉಪನ್ಯಾಸಕರೊಬ್ಬರು ಬಾಕಿ ಗೌರವಧನ ಕೇಳಿ ಬರೆದಿದ್ದರು. ಅದು ಮೇಲೆ ಕೆಳಗೆ ಓಡಾಡಿ, ಕೊನೆಗೆ ‘ಪರಿಶೀಲನೆಯಲ್ಲಿದೆ’ ಎಂಬ ಉಪರಿಲೇಖ ಹೊತ್ತು ಅವರಿಗೇ ಮರಳಿತು. ಅವರು ಪುರಸೊತ್ತಿದ್ದವರು, ಪೂರ್ತಿ ಓದಿದರು. ಮೂರನೆಯ ಪದರದಲ್ಲಿ ಯಾರೋ ಯಾರಿಗೋ ಬರೆದಿದ್ದರು, “ಈ ಯಪ್ಪಂದು ಇನ್ನೊಂದು ತಿಂಗಳು ಇರಲಿ ಬಿಡಿ.” ಆ ಸಾಲನ್ನು ಅವರು ಅಚ್ಚು ಹಾಕಿಸಿ ಆಡಳಿತ ಮಂಡಳಿಗೆ ಕೊಟ್ಟ ಮೇಲೆ ಗೌರವಧನ ಮೂರೇ ದಿನದಲ್ಲಿ ಬಂತು. ಕತ್ತರಿಸದೆ ಬಿಟ್ಟ ಪದರಗಳಿಂದ ಒಬ್ಬರಿಗೆ ಒಳ್ಳೆಯದಾದದ್ದಕ್ಕೆ ನನ್ನ ಬಳಿ ಇರುವ ಉದಾಹರಣೆ ಇದೊಂದೇ.

ಇಷ್ಟು ಬರೆದವನು ತನ್ನ ಕಳಿಸಿದ ಅಂಚೆಗಳನ್ನೂ ತೆಗೆದು ನೋಡಬೇಕಲ್ಲ, ನೋಡಿದೆ. ಹಿಂದಿನ ಜೂನ್‌ನಲ್ಲಿ ಪರೀಕ್ಷಾ ಶುಲ್ಕದ ಸುತ್ತೋಲೆಯೊಂದನ್ನು ಇಬ್ಬರು ಕಿರಿಯ ಸಹೋದ್ಯೋಗಿಗಳಿಗೆ ದಾಟಿಸಿದ್ದೇನೆ. ಮೇಲೆ ಏನೂ ಇಲ್ಲ. ಮೌನಿ, ಬಗೆ ಒಂದು.

ಆ ಹುಡುಗಿ ಸೋಮವಾರ ಬಂದಳು. ಯಾಕೆ ಹೀಗಾಯಿತೆಂದು ಬಾಯಲ್ಲಿ ಹೇಳಲು ನಾಚಿಕೆಯಾಗಿ ಫೋನನ್ನೇ ಅವಳ ಕೈಗೆ ಕೊಟ್ಟೆ. ನಿಂತುಕೊಂಡೇ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದಳು. ಐದು ಪದರ ದಾಟಲು ಅವಳಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಎರಡನೆಯ ಪ್ಯಾರಾದ ಬಳಿ ನಿಂತಳು, ಓದಿದಳು. ನಾನು ಮತ್ತೆ ತರಿಸಿಕೊಂಡ ಪಟ್ಟಿಯನ್ನು ತೆರೆದಳು. ಒಂಬತ್ತನೆಯ ಸಾಲಿನಲ್ಲಿ ಹೆಸರು, ತರಗತಿ, ಬ್ಯಾಂಕು, ಕಾರಣ, ಅದರಾಚೆಗೆ ಇನ್ನೊಂದು ಕಲಂ.

“ಸರ್,” ಎಂದಳು, ಪರದೆಯನ್ನು ನನ್ನ ಕಡೆ ತಿರುಗಿಸಿ, “ಇದು ನನ್ನ ಮೊಬೈಲ್ ನಂಬರೇ ಅಲ್ವಾ?”